ಒಂದೇ ಲೇಬಲ್ ಮೇಲೆ ಮೂರು ತೂಕ: ಯಾವುದನ್ನು ನಂಬಬೇಕು?

ಪ್ರಶ್ನೆ: ಅಕ್ಕ ವಿದೇಶದಿಂದ ಅಂಚೆಯಲ್ಲಿ ಒಂದು ಪಾರ್ಸೆಲ್ ಕಳಿಸಿದ್ದಾಳೆ. ಲೇಬಲ್‌ನ ಫೋಟೋ ತೆಗೆದು ನನಗೆ ಕಳಿಸಿದಳು. ಮೇಲೆ 1,240 ಕೆಜಿ ಅಂತಿದೆ, ಕೆಳಗಿನ ಕಸ್ಟಮ್ಸ್ ಚೀಟಿಯಲ್ಲಿ 1,050 ಅಂತಿದೆ, ಮೂಲೆಯಲ್ಲಿ 2 ಕೆಜಿ ಅಂತ ಬೇರೆ ಇದೆ. ಟ್ರ್ಯಾಕಿಂಗ್ ನಂಬರಿನ ಒಂದು ಅಂಕೆ ಫ್ಲ್ಯಾಶ್ ಬೆಳಕಿಗೆ ಮಸುಕಾಗಿದೆ, 3 ಇರಬಹುದು, 8 ಇರಬಹುದು. CN ಅಂತ ಎರಡು ಕಡೆ ಬರೆದಿದೆ, ಆದರೆ ಅವಳಿರುವುದು ಚೀನಾದಲ್ಲಿ ಅಲ್ಲ. ಇದನ್ನೆಲ್ಲ ಹೇಗೆ ಓದಬೇಕು? ದಾರಿಯಲ್ಲಿ ಯಾರಾದರೂ ಏನಾದರೂ ತೆಗೆದುಕೊಂಡಿದ್ದಾರಾ ಅಂತ ಭಯವಾಗಿದೆ.

ಉತ್ತರ:

ಫೋಟೋ ನೋಡಿದೆ. ಮೂರು ತೂಕಗಳೂ ಸರಿಯಾಗಿಯೇ ಇವೆ. ಅವು ಮೂರು ಬೇರೆ ಬೇರೆ ವಿಷಯ ಹೇಳುತ್ತಿವೆ, ಅಷ್ಟೇ. ಇನ್ನೊಂದು ಮಾತು: ಈ ಫೋಟೋ ತೆಗೆದದ್ದು ಪಾರ್ಸೆಲ್ ಹೊರಡುವ ಮೊದಲು. ಹಾಗಾಗಿ ದಾರಿಯಲ್ಲಿ ಏನಾಯಿತು ಅನ್ನುವುದು ಇದರಲ್ಲಿ ಕಾಣುವುದಿಲ್ಲ. ಆದರೆ ಪಾರ್ಸೆಲ್ ಕೈಗೆ ಬಂದ ದಿನ ಏನಾದರೂ ಕಡಿಮೆಯಾಗಿದೆಯಾ ಅಂತ ಕಂಡುಹಿಡಿಯಲು ಇದೇ ಫೋಟೋ ನಿಮಗೆ ಬೇಕಾಗುತ್ತದೆ. ಜೋಪಾನವಾಗಿ ಇಟ್ಟುಕೊಳ್ಳಿ.

ಮೊದಲು ಅಲ್ಪವಿರಾಮದ ವಿಷಯ. 1,240 ಅಂದರೆ ಸಾವಿರದ ಇನ್ನೂರ ನಲವತ್ತು ಕೆಜಿ ಅಲ್ಲ. ಯುರೋಪಿನ ಬಹಳಷ್ಟು ದೇಶಗಳಲ್ಲಿ ನಾವು ಚುಕ್ಕೆ ಹಾಕುವ ಕಡೆ ಅಲ್ಪವಿರಾಮ ಹಾಕುತ್ತಾರೆ. ನಮ್ಮ ರೀತಿಯಲ್ಲಿ ಅದು 1.240 ಕೆಜಿ, ಅಂದರೆ ಒಂದು ಕಿಲೋ ಇನ್ನೂರ ನಲವತ್ತು ಗ್ರಾಂ. ಬೆಲೆಯ ಕಾಲಂನಲ್ಲೂ ಇದೇ ಲೆಕ್ಕ. 24,00 ಅಂತಿದ್ದರೆ ಅದು ಇಪ್ಪತ್ತನಾಲ್ಕು, ಎರಡು ಸಾವಿರದ ನಾನೂರು ಅಲ್ಲ. ಅಮೆರಿಕದಿಂದ ಬರುವ ಲೇಬಲ್‌ಗಳಲ್ಲಿ ಕೆಜಿ ಬದಲು ಪೌಂಡ್ ಮತ್ತು ಔನ್ಸ್ ಇರಬಹುದು. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ, ಒಂದು ಔನ್ಸ್ ಸುಮಾರು 28 ಗ್ರಾಂ.

ಈಗ ಕಸ್ಟಮ್ಸ್ ಚೀಟಿಯ ಪಟ್ಟಿ ನೋಡಿ. ಅಕ್ಕ ಮೂರು ಸಾಲು ತುಂಬಿದ್ದಾರೆ. ಎರಡು ಕಾಟನ್ ಟೀ ಶರ್ಟ್, 0,360. ವೈರ್ ಇರುವ ಹೆಡ್‌ಫೋನ್ ಒಂದು, 0,280. ಪುಸ್ತಕ ಒಂದು, 0,410. ಕೂಡಿಸಿದರೆ 1.050 ಬರುತ್ತದೆ. ಆ ಕಾಲಂನ ತಲೆಯಲ್ಲಿ ನೆಟ್ ವೇಟ್ ಅಂತ ಬರೆದಿರುತ್ತದೆ. ಅಂದರೆ ಬರೀ ವಸ್ತುವಿನ ತೂಕ. ಪೆಟ್ಟಿಗೆ, ಒಳಗಿನ ಗುಳ್ಳೆ ಪ್ಲಾಸ್ಟಿಕ್, ಟೇಪ್ ಯಾವುದೂ ಅದರಲ್ಲಿ ಸೇರಿಲ್ಲ. ಇದನ್ನು ಅಕ್ಕ ಮನೆಯಲ್ಲೇ ತೂಗಿ ಬರೆದಿರುತ್ತಾರೆ.

ಮೇಲಿನ 1.240 ಅನ್ನುವುದು ಕೌಂಟರ್‌ನಲ್ಲಿ ಕಟ್ಟಿದ ಪಾರ್ಸೆಲ್ಲನ್ನೇ ತಕ್ಕಡಿ ಮೇಲೆ ಇಟ್ಟು ತೂಗಿದ್ದು. ಇದು ಗ್ರಾಸ್ ವೇಟ್, ಪ್ಯಾಕಿಂಗ್ ಸೇರಿದ ತೂಕ. ಎರಡರ ನಡುವೆ 190 ಗ್ರಾಂ ವ್ಯತ್ಯಾಸ ಇದೆ. ಈ ಅಳತೆಯ ರಟ್ಟಿನ ಪೆಟ್ಟಿಗೆಗೆ, ಒಳಗಿನ ತುಂಬುಗೆ ಸೇರಿಸಿ, ಅಷ್ಟು ತೂಕ ಸಹಜ. ನಿಜ ಹೇಳಬೇಕೆಂದರೆ ಎರಡು ತೂಕ ಒಂದೇ ಆಗಿದ್ದರೆ ನನಗೆ ಅನುಮಾನ ಬರುತ್ತಿತ್ತು. ಪೆಟ್ಟಿಗೆಗೆ ತೂಕವೇ ಇಲ್ಲ ಅಂದರೆ ಯಾರೋ ಒಬ್ಬರು ಅಂದಾಜಿನಲ್ಲಿ ಬರೆದಿದ್ದಾರೆ ಅಂತಲೇ ಅರ್ಥ ಅಲ್ವಾ?

ಇಲ್ಲಿ ಗೊಂದಲ ಆಗುವುದಕ್ಕೆ ಫಾರ್ಮ್‌ನದೂ ಸ್ವಲ್ಪ ತಪ್ಪಿದೆ. ದೊಡ್ಡ ಫಾರ್ಮ್ ಆದ CN 23ರಲ್ಲಿ ಒಟ್ಟು ಗ್ರಾಸ್ ವೇಟ್ ಅಂತಲೇ ಬೇರೆ ಮನೆ ಇದೆ. ನಿಮ್ಮದು ಸಣ್ಣದು, CN 22. ಅದರ ಕೊನೆಯಲ್ಲಿ ಬರೀ ಟೋಟಲ್ ವೇಟ್ ಅಂತ ಇರುತ್ತದೆ. ಅಲ್ಲಿ ಇಡೀ ಪಾರ್ಸೆಲ್‌ನ ತೂಕ ಬರೆಯಬೇಕು. ಆದರೆ ಬಹಳ ಜನ ಮೇಲಿನ ಸಾಲುಗಳನ್ನು ಕೂಡಿಸಿ ಬರೆದುಬಿಡುತ್ತಾರೆ. ಅಕ್ಕ ಮಾಡಿರುವುದೂ ಅದೇ. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ.

ಮೂಲೆಯ 2 ಕೆಜಿ ಅನ್ನುವುದು ತೂಕವೇ ಅಲ್ಲ. ಅದು ದರದ ಮೆಟ್ಟಿಲು. ಅಂಚೆಯವರು ಪ್ರತಿ ಗ್ರಾಂಗೂ ಬೇರೆ ದರ ಹಾಕುವುದಿಲ್ಲ. ಇಷ್ಟರವರೆಗೆ ಇಷ್ಟು, ಅದು ದಾಟಿದರೆ ಮುಂದಿನ ಮೆಟ್ಟಿಲು. ಮೆಟ್ಟಿಲುಗಳನ್ನು ಎಲ್ಲೆಲ್ಲಿ ಇಡಬೇಕು ಅನ್ನುವುದನ್ನು ಆಯಾ ದೇಶದ ಅಂಚೆ ಇಲಾಖೆ ನಿರ್ಧರಿಸುತ್ತದೆ. ನಿಮ್ಮ ಪಾರ್ಸೆಲ್ ಒಂದು ಕಿಲೋ ದಾಟಿದ್ದರಿಂದ ಎರಡು ಕಿಲೋವರೆಗಿನ ಮೆಟ್ಟಿಲಿಗೆ ಹೋಗಿದೆ. ಅಕ್ಕ ಇನ್ನೂ 700 ಗ್ರಾಂ ಹಾಕಿದ್ದರೂ ಅದೇ ದರ ಆಗುತ್ತಿತ್ತು.

ಆದರೆ ಈ ಎರಡು ಕಿಲೋಗೆ ಇನ್ನೊಂದು ಅರ್ಥವೂ ಇದೆ. ಸಾಮಾನು ತುಂಬಿದ ಸಣ್ಣ ಪ್ಯಾಕೆಟ್ ಕಾಗದಪತ್ರದ ವಿಭಾಗದಲ್ಲೇ ಹೋಗಬಹುದು, ಆದರೆ ಅಂತರರಾಷ್ಟ್ರೀಯ ಅಂಚೆಯಲ್ಲಿ ಅದಕ್ಕೆ ಎರಡು ಕಿಲೋ ಮಿತಿ. ಅದಕ್ಕಿಂತ ಜಾಸ್ತಿ ಆದರೆ ಅದು ಪಾರ್ಸೆಲ್ ವಿಭಾಗಕ್ಕೆ ಹೋಗುತ್ತದೆ. ದರ ಬೇರೆ, ನಂಬರ್ ಬೇರೆ, ಫಾರ್ಮ್ ಕೂಡ ಬೇರೆ. ನಾವು ಮಾತಿನಲ್ಲಿ ಎಲ್ಲದಕ್ಕೂ ಪಾರ್ಸೆಲ್ ಅಂತೀವಿ. ಅಂಚೆಯವರ ಲೆಕ್ಕದಲ್ಲಿ ನಿಮ್ಮದು ಸಣ್ಣ ಪ್ಯಾಕೆಟ್. ಇದು ಟ್ರ್ಯಾಕಿಂಗ್ ನಂಬರಿನ ಮೊದಲ ಅಕ್ಷರದಲ್ಲೇ ಗೊತ್ತಾಗುತ್ತದೆ.

ಈಗ ಆ ನಂಬರಿಗೆ ಬರೋಣ. ನಿಮ್ಮ ನಿಜವಾದ ನಂಬರ್ ಇಲ್ಲಿ ಹಾಕುವುದಿಲ್ಲ, ಅಂಕೆಗಳನ್ನು ಬದಲಾಯಿಸಿ ಉದಾಹರಣೆ ಕೊಡುತ್ತೇನೆ. ಅಂಚೆಯ ಅಂತರರಾಷ್ಟ್ರೀಯ ನಂಬರಿನಲ್ಲಿ ಯಾವಾಗಲೂ 13 ಅಕ್ಷರ ಇರುತ್ತವೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕೆ, ಕೊನೆಯಲ್ಲಿ ಮತ್ತೆ ಎರಡು ಅಕ್ಷರ. ಕೊನೆಯ ಎರಡು, ನಂಬರ್ ಕೊಟ್ಟ ಅಂಚೆ ಇಲಾಖೆಯ ದೇಶ. ಮೊದಲನೆಯದು ಸೇವೆಯ ಬಗೆ. L ಇದ್ದರೆ ಟ್ರ್ಯಾಕಿಂಗ್ ಇರುವ ಸಣ್ಣ ಪ್ಯಾಕೆಟ್, R ಇದ್ದರೆ ರಿಜಿಸ್ಟರ್ಡ್, C ಇದ್ದರೆ ಪಾರ್ಸೆಲ್, E ಇದ್ದರೆ ಸ್ಪೀಡ್ ಪೋಸ್ಟ್ ತರಹದ ಇಎಂಎಸ್. U ಇದ್ದರೆ ಮಾತ್ರ ಸ್ವಲ್ಪ ಎಚ್ಚರ. ಆ ನಂಬರ್ ಇರುವುದು ಮುಖ್ಯವಾಗಿ ಕಸ್ಟಮ್ಸ್ ಮಾಹಿತಿ ಜೋಡಿಸಲಿಕ್ಕೆ, ಪಾರ್ಸೆಲ್ ಎಲ್ಲಿದೆ ಅಂತ ಪೂರ್ತಿ ತೋರಿಸುವ ಭರವಸೆ ಅದರಲ್ಲಿಲ್ಲ. ಎಷ್ಟೋ ಜನ U ನಂಬರ್ ಹಾಕಿ ದಿನಾ ನೋಡುತ್ತಾ ಪಾರ್ಸೆಲ್ ಕಳೆದುಹೋಯಿತು ಅಂತ ಸುಮ್ನೆ ಗಾಬರಿಯಾಗುತ್ತಾರೆ.

ನಿಮ್ಮದು L. ಹಾಗಾಗಿ ಟ್ರ್ಯಾಕ್ ಮಾಡಬಹುದು, ಮಸುಕಾದ ಅಂಕೆ ಒಂದು ಸಿಗಬೇಕು. ಅದಕ್ಕೆ ಎರಡು ದಾರಿ ಇದೆ. ಸುಲಭದ್ದು ಮೊದಲು ಹೇಳುತ್ತೇನೆ. ನಂಬರಿನ ಮೇಲಿರುವ ಗೆರೆಗೆರೆಯ ಬಾರ್‌ಕೋಡ್‌ನಲ್ಲೂ ಅದೇ 13 ಅಕ್ಷರ ಇವೆ. ಉದ್ದ ಗೆರೆಗಳು ಮೇಲಿಂದ ಕೆಳಗಿನವರೆಗೆ ಒಂದೇ ಮಾತು ಹೇಳುತ್ತವೆ. ಆದ್ದರಿಂದ ಫ್ಲ್ಯಾಶ್ ಬೆಳಕು ಅರ್ಧ ಬಾರ್‌ಕೋಡ್ ಮೇಲೆ ಬಿದ್ದಿದ್ದರೂ, ಎಡದಿಂದ ಬಲಕ್ಕೆ ಒಂದು ತೆಳ್ಳಗಿನ ಪಟ್ಟಿ ಸ್ವಚ್ಛವಾಗಿ ಕಂಡರೆ ಸಾಕು. ಆ ಪಟ್ಟಿಯನ್ನಷ್ಟೇ ಕತ್ತರಿಸಿ ಫೋನಿನ ಸ್ಕ್ಯಾನರ್‌ಗೆ ತೋರಿಸಿ. ಆದರೆ ನಿಮಗೆ ಬಂದ ಫೋಟೋ ಚಿಕ್ಕದಾಗಿ ಕುಗ್ಗಿದೆ, ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೂಲ ಫೋಟೋವನ್ನು ಫೈಲ್ ಆಗಿ ಕಳಿಸಲು ಅಕ್ಕನಿಗೆ ಹೇಳಿ.

ಅದು ಸಿಗದಿದ್ದರೆ ಲೆಕ್ಕದ ದಾರಿ. ಒಂಬತ್ತು ಅಂಕೆಗಳಲ್ಲಿ ಮೊದಲ ಎಂಟು ಮಾತ್ರ ಪಾರ್ಸೆಲ್‌ನ ಕ್ರಮಸಂಖ್ಯೆ. ಒಂಬತ್ತನೆಯದು ತಪಾಸಣೆಯ ಅಂಕೆ. ಎಂಟು ಅಂಕೆಗಳನ್ನು ಕ್ರಮವಾಗಿ 8, 6, 4, 2, 3, 5, 9, 7 ಇವುಗಳಿಂದ ಗುಣಿಸಿ, ಎಲ್ಲ ಕೂಡಿಸಿ, 11ರಿಂದ ಭಾಗಿಸಬೇಕು. ಉಳಿದ ಶೇಷವನ್ನು 11ರಿಂದ ಕಳೆದರೆ ತಪಾಸಣೆಯ ಅಂಕೆ ಸಿಗುತ್ತದೆ. ಉತ್ತರ 10 ಬಂದರೆ 0 ಅಂತ, 11 ಬಂದರೆ 5 ಅಂತ ಬರೆಯುತ್ತಾರೆ.

ನಂಬರಿನಲ್ಲಿ 4 7 2 ಇದೆ, ಆಮೇಲೆ ಮಸುಕಾದ ಅಂಕೆ, ಆಮೇಲೆ 9 1 8 5, ಕೊನೆಗೆ ತಪಾಸಣೆಯ ಅಂಕೆ 4 ಅಂತಿಟ್ಟುಕೊಳ್ಳಿ. ಮಸುಕಾದ ಕಡೆ 3 ಹಾಕಿ ನೋಡೋಣ.

```
4×8 + 7×6 + 2×4 + 3×2 + 9×3 + 1×5 + 8×9 + 5×7 = 227
227 ÷ 11 = 20, ಶೇಷ 7
11 − 7 = 4
```

ಸರಿಯಾಗಿ 4 ಬಂತು. 3ರ ಬದಲು 8 ಹಾಕಿದರೆ ಮೊತ್ತ 237, ಶೇಷ 6, ತಪಾಸಣೆಯ ಅಂಕೆ 5 ಬರಬೇಕಿತ್ತು. ಲೇಬಲ್ ಮೇಲೆ ಇರುವುದು 4. ಹಾಗಾಗಿ ಮಸುಕಾದ ಅಂಕೆ 3. ಇದೇ ಲೆಕ್ಕವನ್ನು ನಿಮ್ಮ ನಿಜವಾದ ನಂಬರಿಗೆ ಮಾಡಿ ನೋಡಿದೆ, ಅಲ್ಲೂ 3ಕ್ಕೇ ತಾಳೆ ಬರುತ್ತದೆ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಒಂದೇ ಒಂದು ಅಂಕೆ ಮಸುಕಾಗಿದ್ದರೆ ಸರಿ. ಎರಡು ಹೋದರೆ ಹೊಂದುವ ಜೋಡಿಗಳು ಹಲವು ಸಿಗುತ್ತವೆ. ತಪಾಸಣೆಯ ಅಂಕೆ 5 ಆಗಿದ್ದಾಗಲೂ ಸ್ವಲ್ಪ ತೊಡಕು. ಶೇಷ 6 ಬಂದರೂ 5, ಶೇಷ 0 ಬಂದರೂ 5. ಆಗ ಒಂದು ಜಾಗಕ್ಕೆ ಎರಡು ಅಂಕೆ ಹೊಂದಬಹುದು. ಮೇಲಿನ ಉದಾಹರಣೆಯಲ್ಲೇ ಕೊನೆಗೆ 5 ಇದ್ದಿದ್ದರೆ ಮಸುಕಾದ ಕಡೆ 8 ಕೂಡ ಹೊಂದುತ್ತಿತ್ತು, 5 ಕೂಡ ಹೊಂದುತ್ತಿತ್ತು.

ಎರಡು CNಗಳ ಗುಟ್ಟು ಸರಳ. ಮೇಲಿನ CN 22 ಅನ್ನುವುದು ಫಾರ್ಮ್‌ನ ಹೆಸರು. ವಿಶ್ವ ಅಂಚೆ ಒಕ್ಕೂಟ ಎಲ್ಲ ದೇಶಗಳಿಗೂ ಒಂದೇ ತರಹ ಇಟ್ಟ ಹೆಸರು ಅದು. ಚೀನಾಗೂ ಅದಕ್ಕೂ ಸಂಬಂಧ ಇಲ್ಲ. ಹೆಡ್‌ಫೋನ್ ಸಾಲಿನ ಕೊನೆಯಲ್ಲಿರುವ CN ಮಾತ್ರ ನಿಜಕ್ಕೂ ಚೀನಾ. ಅದು ಮೂಲ ದೇಶದ ಕಾಲಂ. ವಸ್ತು ಎಲ್ಲಿಂದ ಹೊರಟಿತು ಅಂತ ಅಲ್ಲಿ ಬರೆಯುವುದಿಲ್ಲ, ಎಲ್ಲಿ ತಯಾರಾಯಿತು ಅಂತ ಬರೆಯುತ್ತಾರೆ. ಟೀ ಶರ್ಟ್ ಸಾಲಿನಲ್ಲಿ BD ಇದೆ ನೋಡಿ, ಅದು ಬಾಂಗ್ಲಾದೇಶ. ಬಟ್ಟೆಯ ಒಳಗಿನ ಚೀಟಿ ನೋಡಿ ಅಕ್ಕ ಬರೆದಿದ್ದಾರೆ. ತುಂಬಾ ಸರಿಯಾದ ಕೆಲಸ.

ಫಾರ್ಮ್ ಮೇಲೆ ಫ್ರೆಂಚ್ ಮಾತುಗಳೂ ಇವೆ. ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್, ಅದಕ್ಕೆ. ಅದರಲ್ಲಿ ಒಂದು ಸಾಲಿನ ಅರ್ಥ ನಿಮಗೆ ಗೊತ್ತಿರಲಿ: ಇದನ್ನು ಅಧಿಕಾರಿಗಳು ತೆರೆದು ನೋಡಬಹುದು. ಅದು ಎಲ್ಲ CN 22 ಮೇಲೂ ಮೊದಲೇ ಅಚ್ಚಾಗಿರುತ್ತದೆ. ನಿಮ್ಮ ಪಾರ್ಸೆಲ್ ಮೇಲೆ ಯಾರಿಗೋ ಅನುಮಾನ ಬಂದಿದೆ ಅಂತ ಅಲ್ಲ. CN 22 ಇರುವುದು ಕಡಿಮೆ ಬೆಲೆಯ ಪ್ಯಾಕೆಟ್‌ಗಳಿಗೆ. ಮಿತಿ 300 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಅದು ದಾಟಿದರೆ CN 23 ತುಂಬಬೇಕು. ಅಕ್ಕ ಬರೆದ ಒಟ್ಟು ಬೆಲೆ 71 ಯೂರೊ, ಆ ಮಿತಿಗಿಂತ ಬಹಳ ಕೆಳಗಿದೆ.

ಪಟ್ಟಿಯ ಪ್ರತಿ ವಸ್ತುವಿನ ಪಕ್ಕದಲ್ಲಿ ಅದರ ಬಗೆ ಹೇಳುವ ಆರು ಅಂಕೆಗಳ ಕೋಡ್ ಇದೆ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಫೋಟೋದಲ್ಲಿ ಓದುವಾಗ ಹೆಚ್ಚು ತಪ್ಪಾಗುವುದು ಇಲ್ಲೇ. ಅದನ್ನು ಎಚ್‌ಎಸ್ ಕೋಡ್ ಅಂತಾರೆ. 1988ರಿಂದ ಜಾರಿಯಲ್ಲಿದೆ. ಪ್ರಪಂಚದ ಬಹುತೇಕ ಎಲ್ಲ ಕಸ್ಟಮ್ಸ್‌ನವರೂ ಇದನ್ನೇ ಬಳಸುತ್ತಾರೆ. ಮೊದಲ ಎರಡು ಅಂಕೆ ಅಧ್ಯಾಯ, ನಾಲ್ಕು ಸೇರಿದರೆ ವಸ್ತುವಿನ ಗುಂಪು, ಆರೂ ಸೇರಿದರೆ ಅದರೊಳಗಿನ ಬಗೆ. ಆರರ ನಂತರವೂ ಅಂಕೆಗಳಿದ್ದರೆ ಅವು ಆಯಾ ದೇಶ ತನ್ನ ಸುಂಕಕ್ಕಾಗಿ ಸೇರಿಸಿಕೊಂಡವು. ಟೀ ಶರ್ಟ್ ಪಕ್ಕದಲ್ಲಿರುವುದು 610910. 61 ಅಂದರೆ ಹೆಣೆದ ಬಟ್ಟೆಯ ಉಡುಪು, 6109 ಅಂದರೆ ಟೀ ಶರ್ಟ್ ಬನಿಯನ್ ಇತ್ಯಾದಿ, ಕೊನೆಯ 10 ಅಂದರೆ ಹತ್ತಿಯದು. ನೀವು ಫೋಟೋದಲ್ಲಿ ಎರಡನೆಯ ಅಂಕೆಯನ್ನು 2 ಅಂತ ಓದಿದಿರಿ ಅಂತಿಟ್ಟುಕೊಳ್ಳಿ. 62 ಅಂದರೆ ಮಗ್ಗದಲ್ಲಿ ನೇಯ್ದ ಬಟ್ಟೆಯ ಉಡುಪು, 6209 ಅಂದರೆ ನೇಯ್ದ ಬಟ್ಟೆಯ ಹಸುಗೂಸುಗಳ ಉಡುಪು. ಒಂದು ಅಂಕೆಗೆ ವಸ್ತುವೇ ಬದಲಾಯಿತು ನೋಡಿ. ಎಚ್‌ಎಸ್ ಕೋಡ್‌ಗೆ ಟ್ರ್ಯಾಕಿಂಗ್ ನಂಬರಿನ ಹಾಗೆ ತಪಾಸಣೆಯ ಅಂಕೆ ಇಲ್ಲ. ಪಕ್ಕದಲ್ಲಿ ಬರೆದ ಮಾತಿಗೆ ಕೋಡ್ ಹೊಂದುತ್ತದಾ ಅಂತ ನೋಡುವುದೇ ದಾರಿ. ಹೆಡ್‌ಫೋನ್‌ಗೆ 851830, ಪುಸ್ತಕಕ್ಕೆ 490199 ಇದೆ. ಎರಡೂ ಸರಿ.

ಅದಕ್ಕೇ ವಿವರಣೆಯ ಮಾತು ಸ್ಪಷ್ಟವಾಗಿರಬೇಕು. ಅಕ್ಕ ಎರಡು ಕಾಟನ್ ಟೀ ಶರ್ಟ್ ಅಂತ ಬರೆದಿದ್ದಾರೆ. ಬಟ್ಟೆ ಅಂತಲೋ ಗಿಫ್ಟ್ ಅಂತಲೋ ಬರೆದಿದ್ದರೆ ಒಳಗೇನಿದೆ ಅಂತ ಕಸ್ಟಮ್ಸ್‌ನವರಿಗೆ ತಿಳಿಯುವುದಿಲ್ಲ, ತೆರೆದು ನೋಡುತ್ತಾರೆ. ಗಿಫ್ಟ್ ಅನ್ನುವುದು ಕಳಿಸುವ ಕಾರಣ, ಅದಕ್ಕೆ ಮೇಲೆ ಬೇರೆ ಚೌಕ ಇದೆ. ಅಕ್ಕ ಆ ಚೌಕಕ್ಕೇ ಗುರುತು ಹಾಕಿದ್ದಾರೆ. ಗುರುತು ಹಾಕಿದ ಮಾತ್ರಕ್ಕೆ ಸುಂಕ ಇಲ್ಲ ಅಂತ ಆಗುವುದಿಲ್ಲ. ಉಡುಗೊರೆಗೆ ವಿನಾಯಿತಿ ಇದೆಯಾ, ಎಷ್ಟರವರೆಗೆ ಅನ್ನುವುದು ಪಾರ್ಸೆಲ್ ತಲುಪುವ ದೇಶದ ನಿಯಮ. ಉಡುಗೊರೆ ಆದರೂ ಬೆಲೆ ಬರೆಯಲೇಬೇಕು. ಸೊನ್ನೆ ಅಂತ ಬರೆದ ಪಾರ್ಸೆಲ್‌ಗಳೇ ಹೆಚ್ಚು ತಡವಾಗುವುದನ್ನು ನಾನು ನೋಡಿದ್ದೇನೆ. ಹೆಡ್‌ಫೋನ್ ವೈರ್ ಇರುವುದು ಅಂತ ಬರೆದದ್ದೂ ಒಳ್ಳೆಯದಾಯಿತು. ವೈರ್‌ಲೆಸ್ ಆಗಿದ್ದರೆ ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಅದಕ್ಕೆ ನಿಯಮವೇ ಬೇರೆ. ಪವರ್ ಬ್ಯಾಂಕ್ ಅಥವಾ ಬಿಡಿ ಲಿಥಿಯಂ ಬ್ಯಾಟರಿಯನ್ನಂತೂ ಅಂತರರಾಷ್ಟ್ರೀಯ ವಿಮಾನ ಅಂಚೆಯಲ್ಲಿ ಹಾಕುವ ಹಾಗೇ ಇಲ್ಲ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ನಾನು ಕಳಿಸಿದ ಪ್ಯಾಕೆಟ್‌ನ ಚೀಟಿಯಲ್ಲಿ 0.350 ಇರಬೇಕಾದ ಕಡೆ 350 ಅಂತಿತ್ತು. ಕಾಲಂ ಇದ್ದದ್ದು ಕೆಜಿಯಲ್ಲಿ. ಕೌಂಟರ್‌ನಲ್ಲಿ ಗಮನಕ್ಕೆ ಬಂತು, ಪೆನ್ನಿನಲ್ಲಿ ತಿದ್ದಿದೆವು, ಮುಗಿಯಿತು ಅಂದುಕೊಂಡೆ. ಪ್ಯಾಕೆಟ್ ಆ ಕಡೆಯ ಕಸ್ಟಮ್ಸ್‌ನಲ್ಲಿ ಹನ್ನೊಂದು ದಿನ ಕೂತಿತು. ಕಾಗದದ ಮೇಲೆ ತಿದ್ದಿದ್ದರೂ ಕಂಪ್ಯೂಟರ್‌ಗೆ ಟೈಪ್ ಮಾಡಿದ್ದು 350 ಕೆಜಿಯೇ ಆಗಿತ್ತು. 2021ರಿಂದ ಸಾಮಾನು ಇರುವ ಅಂಚೆಗೆ ಈ ಮಾಹಿತಿ ಪಾರ್ಸೆಲ್‌ಗಿಂತ ಮೊದಲೇ ಎಲೆಕ್ಟ್ರಾನಿಕ್ ಆಗಿ ಹೋಗಬೇಕು. ತಲುಪುವ ದೇಶದವರು ಮೊದಲು ನೋಡುವುದು ಅದನ್ನೇ. ಹಾಗಾಗಿ ಲೇಬಲ್‌ನಲ್ಲಿ ತಪ್ಪು ಕಂಡರೆ ಪೆನ್ನು ತೆಗೆಯಬೇಡಿ, ಲೇಬಲ್ಲನ್ನೇ ಹೊಸದಾಗಿ ಮಾಡಿಸಿ.

ಮುಂದೆ ಅಕ್ಕ ಕೊರಿಯರ್‌ನಲ್ಲಿ ಕಳಿಸಿದರೆ ನಾಲ್ಕನೆಯ ತೂಕವೊಂದು ಕಾಣಬಹುದು, ಅದಕ್ಕೂ ಗಾಬರಿಯಾಗಬೇಡಿ. ಹಗುರವಾದ ದೊಡ್ಡ ಪೆಟ್ಟಿಗೆ ವಿಮಾನದಲ್ಲಿ ಜಾಗ ತಿನ್ನುತ್ತದೆ. ಅದಕ್ಕೆ ಕೊರಿಯರ್‌ನವರು ಅಳತೆಯಿಂದಲೂ ಒಂದು ತೂಕ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಹೆಚ್ಚು ಕಡೆ ಇರುವ ಪದ್ಧತಿ. ಈಗಿನ ಪೆಟ್ಟಿಗೆ 30, 25, 16 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಗುಣಿಸಿದರೆ 12000, ಭಾಗಿಸಿದರೆ 2.4 ಕೆಜಿ. ಅದನ್ನು ಮುಂದಿನ ಅರ್ಧ ಕಿಲೋಗೆ ಏರಿಸಿ 2.5 ಅಂತ ಬಿಲ್ ಮಾಡುತ್ತಾರೆ. ತಕ್ಕಡಿಯಲ್ಲಿ ಮಾತ್ರ 1.240 ಇರುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಹಣ.

ಈಗ ನಿಮ್ಮ ಭಯದ ವಿಷಯ. ಪಾರ್ಸೆಲ್ ಬಂದ ಕೂಡಲೇ ತೆರೆಯಬೇಡಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಅದರ ಮೇಲೆ ಹಾಗೇ ಇಟ್ಟು ತೂಗಿ. ಹೋಲಿಸಬೇಕಾದ್ದು 1.240ರ ಜೊತೆ, 1.050ರ ಜೊತೆ ಅಲ್ಲ. ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಬಂದರೆ ಅದು ತಕ್ಕಡಿಗಳ ವ್ಯತ್ಯಾಸ, ಇಲ್ಲವೇ ರಟ್ಟು ತೇವ ಹೀರಿದ್ದು. ಆದರೆ 960 ಗ್ರಾಂ ಸುತ್ತ ಬಂದರೆ ಪಟ್ಟಿ ತೆಗೆದು ನೋಡಿ. ಕಡಿಮೆಯಾದ 280 ಗ್ರಾಂ ಹೆಡ್‌ಫೋನಿನ ಸಾಲಿಗೆ ಸರಿಯಾಗಿ ಹೊಂದುತ್ತದೆ. ಅಕ್ಕ ಪ್ರತಿ ವಸ್ತುವಿನ ತೂಕವನ್ನೂ ಬೇರೆ ಬೇರೆ ಬರೆದಿರುವುದರಿಂದ ಇಷ್ಟು ನಿಖರವಾಗಿ ಹೇಳಬಹುದು. ಕಸ್ಟಮ್ಸ್‌ನವರು ತೆರೆದಿದ್ದರೆ ಸಾಮಾನ್ಯವಾಗಿ ಅವರದೇ ಟೇಪ್ ಅಥವಾ ಮುದ್ರೆ ಇರುತ್ತದೆ. ಅದು ಇಲ್ಲದೆ ಟೇಪ್ ಮೇಲೆ ಬೇರೆ ಟೇಪ್ ಇದ್ದು, ತೂಕವೂ ಕಡಿಮೆ ಬಂದರೆ, ತಂದುಕೊಟ್ಟವರ ಎದುರಿಗೇ ತೂಗಿಸಿ, ತಕ್ಕಡಿ ಕಾಣುವ ಹಾಗೆ ಫೋಟೋ ತೆಗೆದು ದೂರು ಬರೆಸಿ. ಪರಿಹಾರದ ಅರ್ಜಿಯನ್ನು ಸಾಮಾನ್ಯವಾಗಿ ಕಳಿಸಿದವರ ಕಡೆಯಿಂದ ಹಾಕಬೇಕು, ಆ ಫೋಟೋಗಳನ್ನು ಅಕ್ಕನಿಗೂ ಕಳಿಸಿ.

ಲೇಬಲ್‌ನ ಫೋಟೋವನ್ನು ಬೇರೆಯವರಿಗೆ ತೋರಿಸುವಾಗ ಹೆಸರು, ವಿಳಾಸ, ಫೋನ್ ನಂಬರ್ ಮುಚ್ಚಿ. ನನಗೆ ಕಳಿಸಿದ ಫೋಟೋದಲ್ಲಿ ಟ್ರ್ಯಾಕಿಂಗ್ ನಂಬರಿನ ಮೇಲೆ ಕಪ್ಪು ಗೆರೆ ಎಳೆದಿದ್ದ ಇನ್ನೊಂದು ಪ್ರತಿಯೂ ಇತ್ತು, ಆದರೆ ಅದರಲ್ಲಿ ಬಾರ್‌ಕೋಡ್ ಹಾಗೇ ಉಳಿದಿತ್ತು. ಮುಂದಿನ ಸಲ ಅದನ್ನೂ ಮುಚ್ಚಿ.